ರೈಲು–ರಸ್ತೆ ಸಂಯುಕ್ತ ಕಂಟೇನರ್ ಸಾಗಣೆ ಮತ್ತು ಹಸ್ತಾಂತರ ವಿಳಂಬ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ

ರೈಲು–ರಸ್ತೆ ಸಂಯುಕ್ತ ಕಂಟೇನರ್ ಸಾಗಣೆ ಎಂದರೆ ಸರಕನ್ನು ತುಂಬಿ ಸೀಲ್ ಮಾಡಿದ ಒಂದೇ ಪೆಟ್ಟಿಗೆಯನ್ನು ನಡುವೆ ಎಲ್ಲಿಯೂ ತೆರೆಯದೆ, ಮೊದಲು ಲಾರಿಯಲ್ಲಿ, ದೂರದ ಹಾದಿಯನ್ನು ರೈಲಿನಲ್ಲಿ, ಕೊನೆಗೆ ಮತ್ತೆ ಲಾರಿಯಲ್ಲಿ ಸಾಗಿಸುವ ಕ್ರಮ. ಸ್ಥಾನ ಬದಲಿಸುವುದು ಪೆಟ್ಟಿಗೆಯೇ ಹೊರತು ಅದರೊಳಗಿನ ಸರಕಲ್ಲ. ಪೆಟ್ಟಿಗೆ ಒಂದು ವಾಹನದಿಂದ ಇನ್ನೊಂದಕ್ಕೆ, ಒಬ್ಬರ ಹೊಣೆಯಿಂದ ಇನ್ನೊಬ್ಬರ ಹೊಣೆಗೆ ದಾಟುವುದನ್ನು ಈ ಲೇಖನದಲ್ಲಿ ಹಸ್ತಾಂತರ ಎಂದೂ, ಹಾಗೆ ದಾಟುವಾಗ ಅದು ಚಲಿಸದೆ ನಿಂತಿರುವ ಸಮಯವನ್ನು ಹಸ್ತಾಂತರ ವಿಳಂಬ ಎಂದೂ ಕರೆಯಲಾಗಿದೆ. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ಗೇರುಬೀಜ, ಅಡಿಕೆ, ರಬ್ಬರ್ ಮುಂತಾದ ಸರಕುಗಳಿಗೆ ರೈಲು ಒದಗುತ್ತದೆಯೇ ಇಲ್ಲವೇ ಎಂಬುದು ರೈಲಿನ ವೇಗಕ್ಕಿಂತ ಹೆಚ್ಚಾಗಿ ಈ ನಿಂತಿರುವ ಸಮಯವನ್ನು ಅವಲಂಬಿಸಿದೆ.

ಹಿನ್ನೆಲೆ

ಒಂದೇ ಅಳತೆಯ ಪೆಟ್ಟಿಗೆಯನ್ನು ಹಡಗು, ರೈಲು, ಲಾರಿ ಮೂರಕ್ಕೂ ಹೊಂದಿಸುವ ಪದ್ಧತಿಯ ಆರಂಭವನ್ನು ಸಾಮಾನ್ಯವಾಗಿ 1956ರ ಏಪ್ರಿಲ್‌ಗೆ ಗುರುತಿಸುತ್ತಾರೆ. ಅಮೆರಿಕದ ಲಾರಿ ಉದ್ಯಮಿ ಮಾಲ್ಕಮ್ ಮೆಕ್ಲೀನ್ ಆಗ ‘ಐಡಿಯಲ್ ಎಕ್ಸ್’ ಎಂಬ ಹಡಗಿನಲ್ಲಿ ಕಂಟೇನರ್‌ಗಳನ್ನು ಸಾಗಿಸಿದ. ಭಾರತೀಯ ರೈಲ್ವೆ ದೇಶದೊಳಗಿನ ಸರಕಿಗಾಗಿ 1966ರಲ್ಲಿ ತನ್ನದೇ ಅಳತೆಯ ಕಂಟೇನರ್‌ಗಳನ್ನು ಬಳಕೆಗೆ ತಂದಿತು. ಅಂತರರಾಷ್ಟ್ರೀಯ ಅಳತೆಯ ಪೆಟ್ಟಿಗೆಗಳನ್ನು ಬಂದರಿನಿಂದ ಒಳನಾಡಿಗೆ ತಂದು ಅಲ್ಲಿಯೇ ಸುಂಕದ ತಪಾಸಣೆ ನಡೆಸುವ ದೇಶದ ಮೊದಲ ಒಳನಾಡು ಕಂಟೇನರ್ ಡಿಪೊ 1981ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. 1988ರಲ್ಲಿ ಸ್ಥಾಪನೆಯಾದ ಭಾರತೀಯ ಕಂಟೇನರ್ ನಿಗಮ, ಅಂದರೆ ಕಾನ್ಕಾರ್, ಮರುವರ್ಷ ರೈಲ್ವೆಯಿಂದ ಇಂಥ ಏಳು ಡಿಪೊಗಳನ್ನು ವಹಿಸಿಕೊಂಡಿತು. ವೈಟ್‌ಫೀಲ್ಡ್ ಡಿಪೊ ಇಂದಿಗೂ ರಾಜ್ಯದಲ್ಲಿ ಈ ವಹಿವಾಟಿನ ಮುಖ್ಯ ನೆಲೆ. 2006ರ ನೀತಿಯ ಬಳಿಕ ಖಾಸಗಿ ಕಂಪನಿಗಳಿಗೂ ಕಂಟೇನರ್ ರೈಲು ಓಡಿಸುವ ಪರವಾನಗಿ ಸಿಕ್ಕಿತು.

ಕರಾವಳಿಯಲ್ಲಿ ಹಳಿ ಮತ್ತು ಬಂದರು ಬೇರೆ ಬೇರೆ ಕಾಲದಲ್ಲಿ ಬಂದವು. ಮಂಗಳೂರಿಗೆ ದಕ್ಷಿಣದ ಕಡೆಯಿಂದ ರೈಲು ಬಂದದ್ದು 1907ರಲ್ಲಿ. ಪಣಂಬೂರಿನ ನವಮಂಗಳೂರು ಬಂದರನ್ನು ಪ್ರಮುಖ ಬಂದರೆಂದು ಘೋಷಿಸಿದ್ದು 1974ರಲ್ಲಿ. ಬಂಟ್ವಾಳದ ಮೂಲಕ ಹಾಸನಕ್ಕೆ ಹೋಗುವ ಮೀಟರ್ ಗೇಜ್ ಹಳಿ 1979ರಲ್ಲಿ ಪೂರ್ಣಗೊಂಡಿತು. ಅದನ್ನು ಬ್ರಾಡ್‌ಗೇಜ್‌ಗೆ ಬದಲಿಸಲು ಹಲವು ವರ್ಷ ಸಂಚಾರ ನಿಲ್ಲಿಸಬೇಕಾಯಿತು. 2006ರಲ್ಲಿ ಸರಕು ರೈಲು, 2007ರ ಕೊನೆಗೆ ಪ್ರಯಾಣಿಕರ ರೈಲು ಮತ್ತೆ ಓಡತೊಡಗಿದವು. ಉತ್ತರದ ಕಡೆಗೆ ಕೊಂಕಣ ರೈಲ್ವೆ 1998ರ ಜನವರಿಯಲ್ಲಿ ಪೂರ್ತಿಯಾಗಿ ತೆರೆಯಿತು. ಬಂದರು, ಘಟ್ಟದ ಹಳಿ, ಕರಾವಳಿಯ ಹಳಿ ಈ ಮೂರೂ ಒಂದೇ ಯೋಜನೆಯ ಅಂಗಗಳಾಗಿ ಹುಟ್ಟಿದವಲ್ಲ. ಇಂದಿನ ಹಸ್ತಾಂತರದ ತೊಡಕುಗಳಲ್ಲಿ ಕೆಲವಕ್ಕೆ ಮೂಲ ಇಲ್ಲಿದೆ.

ಪ್ರದೇಶದ ಸ್ಥಾನ

ಮೂರು ತಾಲ್ಲೂಕುಗಳಲ್ಲಿ ರೈಲು ಹಳಿ ಮುಟ್ಟಿದ ಪಟ್ಟಣ ಬಂಟ್ವಾಳವೊಂದೇ. ನಿಲ್ದಾಣವಿರುವುದು ಬಿ.ಸಿ.ರೋಡಿನಲ್ಲಿ, ಅದು ಕಂಟೇನರ್ ಟರ್ಮಿನಲ್ ಅಲ್ಲ. ಮೂಡುಬಿದಿರೆ ಮತ್ತು ಬೆಳ್ತಂಗಡಿ ಪಟ್ಟಣಗಳಿಗೆ ರೈಲಿಲ್ಲ. ಆದ್ದರಿಂದ ಈ ಭಾಗದ ಯಾವುದೇ ಪೆಟ್ಟಿಗೆಗೂ ಮೊದಲ ಹಂತದ ರಸ್ತೆ ಪ್ರಯಾಣ ತಪ್ಪುವುದಿಲ್ಲ, ಮತ್ತು ಆ ಪ್ರಯಾಣ ಬಹುಪಾಲು ಪಣಂಬೂರು–ಸುರತ್ಕಲ್ ಕಡೆಗೇ ಹೋಗುತ್ತದೆ.

ಮೂಡುಬಿದಿರೆಯಿಂದ ಮಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 169ರಲ್ಲಿ ಸುಮಾರು 35 ಕಿ.ಮೀ. ಬಿ.ಸಿ.ರೋಡಿನಿಂದ ಮಂಗಳೂರು ಸುಮಾರು 25 ಕಿ.ಮೀ., ಬಂದರು ಅದಕ್ಕಿಂತ ಹತ್ತು ಕಿ.ಮೀ. ಆಸುಪಾಸು ಮುಂದೆ. ಬೆಳ್ತಂಗಡಿಯ ಸರಕು ಗುರುವಾಯನಕೆರೆ, ಪುಂಜಾಲಕಟ್ಟೆ ದಾಟಿ ಹೆದ್ದಾರಿ 73ರಲ್ಲಿ ಬಿ.ಸಿ.ರೋಡಿಗೆ ಇಳಿಯುತ್ತದೆ, ಮಂಗಳೂರಿಗೆ ಒಟ್ಟು 60 ಕಿ.ಮೀ. ಹತ್ತಿರ. ಇದೇ ಹೆದ್ದಾರಿ ಪೂರ್ವಕ್ಕೆ ಚಾರ್ಮಾಡಿ ಘಾಟಿಯನ್ನು ಏರುತ್ತದಾದರೂ ಅಲ್ಲಿನ ತಿರುವುಗಳು ಕಂಟೇನರ್ ಟ್ರೈಲರ್‌ಗೆ ಒಗ್ಗುವಂಥವಲ್ಲ, 2019ರ ಭೂಕುಸಿತದ ನಂತರ ಘನವಾಹನಗಳಿಗೆ ನಿರ್ಬಂಧವೂ ಬಂತು. ಬೆಂಗಳೂರಿನ ಕಡೆಗೆ ಹೋಗುವ ಟ್ರೈಲರ್ ಬಿ.ಸಿ.ರೋಡಿನಿಂದ ಹೆದ್ದಾರಿ 75 ಹಿಡಿದು ಶಿರಾಡಿ ಘಾಟಿಯ ಮೂಲಕವೇ ಸಾಗಬೇಕು.

ರೈಲಿನ ಕಡೆ ಗಮನಿಸಬೇಕಾದದ್ದು ಆಡಳಿತದ ಗಡಿಗಳನ್ನು. ಮಂಗಳೂರು ಜಂಕ್ಷನ್ ಮತ್ತು ಪಣಂಬೂರು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿವೆ. ಪಡೀಲಿನಿಂದ ಬಂಟ್ವಾಳ, ಪುತ್ತೂರು, ಸುಬ್ರಹ್ಮಣ್ಯ ರೋಡ್ ಮೂಲಕ ಹಾಸನದ ಕಡೆಗಿನ ಹಳಿ ನೈಋತ್ಯ ರೈಲ್ವೆಯ ಮೈಸೂರು ವಿಭಾಗದ್ದು. ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆ ನಿಗಮ. ಮಂಗಳೂರಿನ ಸುತ್ತಲಿನ ಇಷ್ಟು ಚಿಕ್ಕ ಜಾಗದಲ್ಲಿ ಮೂರು ಆಡಳಿತಗಳು ಸಂಧಿಸುವುದರಿಂದ ಒಂದೇ ಸರಕು ರೈಲು ಒಂದು ಆಡಳಿತದ ಕೈಯಿಂದ ಇನ್ನೊಂದರ ಕೈಗೆ ದಾಟಬೇಕಾಗುತ್ತದೆ. ಇಲ್ಲಿ ಪೆಟ್ಟಿಗೆ ಎತ್ತಿ ಇಳಿಸುವ ಕೆಲಸವೇನೂ ಇಲ್ಲ. ಆದರೂ ಎಂಜಿನ್, ಲೋಕೋ ಪೈಲಟ್, ಹಳಿಯ ಸರದಿ ಈ ಮೂರೂ ಕೂಡಿಬರುವ ತನಕ ರೈಲು ಯಾರ್ಡ್‌ನಲ್ಲಿ ಕಾಯುತ್ತದೆ. ಇದೂ ಹಸ್ತಾಂತರ ವಿಳಂಬವೇ, ರೈಲಿನೊಳಗಿನ ರೂಪ.

ರಚನೆ

ಪೆಟ್ಟಿಗೆಯ ಮೂಲ ಅಳತೆ ಇಪ್ಪತ್ತು ಅಡಿ. ಅದರ ಹೊರ ಉದ್ದ 6.06 ಮೀಟರ್, ಅಗಲ 2.44 ಮೀಟರ್, ಎತ್ತರ 2.59 ಮೀಟರ್. ಈ ಒಂದು ಪೆಟ್ಟಿಗೆಯ ಜಾಗವನ್ನು ಒಂದು ಟಿಇಯು ಎಂದು ಲೆಕ್ಕ ಹಿಡಿಯುತ್ತಾರೆ. ನಲವತ್ತು ಅಡಿಯದು ಎರಡು ಟಿಇಯು. ಎಂಟು ಮೂಲೆಗಳಲ್ಲೂ ತೂತಿರುವ ಉಕ್ಕಿನ ಗಟ್ಟಿ ಬಿಲ್ಲೆಗಳಿರುತ್ತವೆ. ಟ್ರೈಲರ್ ಅಥವಾ ವ್ಯಾಗನ್‌ನ ಮೇಲಿನ ತಿರುಗುಬೀಗ ಕೆಳಗಿನ ತೂತಿಗೆ ಹೊಕ್ಕು ಕಾಲು ಸುತ್ತು ತಿರುಗಿದರೆ ಪೆಟ್ಟಿಗೆ ಕದಲುವುದಿಲ್ಲ. ಎತ್ತುವ ಯಂತ್ರ ಹಿಡಿಯುವುದು ಮೇಲಿನ ತೂತುಗಳನ್ನು.

ರೈಲಿನಲ್ಲಿ ಈ ಪೆಟ್ಟಿಗೆಗಳಿಗೆ ಬಿಎಲ್‌ಸಿ ಎಂಬ ತಗ್ಗಾದ ವ್ಯಾಗನ್‌ಗಳಿವೆ. ಐದೈದು ವ್ಯಾಗನ್‌ಗಳನ್ನು ಶಾಶ್ವತವಾಗಿ ಜೋಡಿಸಿ ಒಂದು ಘಟಕ ಮಾಡುತ್ತಾರೆ. ಒಂಬತ್ತು ಘಟಕ ಸೇರಿದರೆ 45 ವ್ಯಾಗನ್‌ಗಳ ಒಂದು ರೇಕ್. ವ್ಯಾಗನ್‌ಗೆ ಎರಡರಂತೆ ಒಂದು ರೇಕ್ 90 ಟಿಇಯು ಹೊರುತ್ತದೆ. ಇಡೀ ರೇಕ್ ಒಂದೇ ಸಲಕ್ಕೆ ನಿಲ್ಲಲು ಸುಮಾರು 700 ಮೀಟರ್ ಉದ್ದದ ನೇರ ಹಳಿ, ಅದರ ಪಕ್ಕಕ್ಕೆ ಭಾರ ತಡೆಯುವ ಗಟ್ಟಿ ನೆಲ ಬೇಕು. ಹಳಿ ಅಷ್ಟುದ್ದವಿಲ್ಲದಿದ್ದರೆ ರೇಕನ್ನು ಎರಡು ತುಂಡು ಮಾಡಿ ಒಂದಾದ ಮೇಲೊಂದು ಒಳಗೆ ತರಬೇಕು. ಆಗ ಎಂಜಿನ್‌ಗೂ ಕೆಲಸ, ಸಮಯವೂ ಹೆಚ್ಚು.

ಟರ್ಮಿನಲ್ ಎಂದರೆ ಈ ಹಳಿ, ನೆಲ, ಪೆಟ್ಟಿಗೆ ಎತ್ತುವ ಯಂತ್ರ, ತೂಕದ ಸೇತುವೆ, ಗೇಟ್ ಮತ್ತು ಕಚೇರಿ ಕೂಡಿದ ಜಾಗ. ಚಿಕ್ಕ ಟರ್ಮಿನಲ್‌ಗಳಲ್ಲಿ ಎತ್ತುವುದು ರೀಚ್ ಸ್ಟ್ಯಾಕರ್, ಅಂದರೆ ಚಾಚುವ ತೋಳಿನ ದೊಡ್ಡ ಚಕ್ರವಾಹನ.

ವಿಧಗಳು

ಈ ಪ್ರದೇಶಕ್ಕೆ ಸಂಬಂಧಪಟ್ಟಂತೆ ಮೂರು ವಿಧಗಳನ್ನು ಬೇರ್ಪಡಿಸಬಹುದು. ಮೊದಲನೆಯದು ಆಮದು–ರಫ್ತಿನ ಪೆಟ್ಟಿಗೆ. ಇದರ ಒಡೆತನ ಅಥವಾ ಹಿಡಿತ ಹಡಗು ಕಂಪನಿಯದು. ಕಾರ್ಖಾನೆಯವರು ಅದನ್ನು ನಿಗದಿತ ದಿನಗಳೊಳಗೆ ಹಿಂತಿರುಗಿಸಬೇಕು, ತಡವಾದರೆ ದಿನಬಾಡಿಗೆ ತೆರಬೇಕು. ಎರಡನೆಯದು ದೇಶದೊಳಗಿನ ಪೆಟ್ಟಿಗೆ. ಇದು ರೈಲು ಕಂಟೇನರ್ ಕಂಪನಿಯದೇ ಆಗಿರುತ್ತದೆ. ಸುಂಕದ ತಪಾಸಣೆ ಇಲ್ಲ, ಜಿಎಸ್‌ಟಿ ದಾಖಲೆಗಳಷ್ಟೇ ಸಾಕು.

ಮೂರನೆಯದು ಸರಕು ತುಂಬಿದ ಲಾರಿಯನ್ನೇ ವ್ಯಾಗನ್ ಮೇಲೆ ಹತ್ತಿಸಿ ಒಯ್ಯುವುದು. ಕೊಂಕಣ ರೈಲ್ವೆ ಇದನ್ನು ರೋ-ರೋ ಎಂಬ ಹೆಸರಿನಲ್ಲಿ 1999ರ ಜನವರಿ 26ರಂದು ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣ ನಡುವೆ ಆರಂಭಿಸಿ, ಆಮೇಲೆ ಸುರತ್ಕಲ್ ವರೆಗೆ ವಿಸ್ತರಿಸಿತು. ಕೋಲಾಡ್–ಸುರತ್ಕಲ್ ಹಾದಿ 700 ಕಿ.ಮೀ.ಗೂ ಮಿಗಿಲು. ಸುರತ್ಕಲ್‌ನಲ್ಲಿ ಹಳಿಯ ತುದಿಗೆ ಕಟ್ಟಿದ ಇಳಿಜಾರು ದಾರಿಯಿಂದ ಲಾರಿಗಳು ಒಂದರ ಹಿಂದೆ ಒಂದು ವ್ಯಾಗನ್‌ಗಳ ಮೇಲೆಯೇ ಓಡಿ ಮುಂದೆ ಹೋಗಿ ನಿಲ್ಲುತ್ತವೆ. ಚಕ್ರಗಳಿಗೆ ಅಡ್ಡ ಕೊಟ್ಟು ಸರಪಳಿ ಬಿಗಿಯುತ್ತಾರೆ. ಚಾಲಕ, ಕ್ಲೀನರ್ ಲಾರಿಯೊಂದಿಗೇ ಪ್ರಯಾಣ ಮಾಡುತ್ತಾರೆ. ಕ್ರೇನ್ ಬೇಡ, ಇನ್ನೊಂದು ತುದಿಯಲ್ಲಿ ಬೇರೆ ಲಾರಿಗೆ ಕಾಯುವುದೂ ಇಲ್ಲ; ಹಸ್ತಾಂತರದ ಕೆಲಸ ಬಹುಪಾಲು ಇಲ್ಲವಾಗುತ್ತದೆ. ಬದಲಿಗೆ ಲಾರಿಯ ಎಂಜಿನ್, ಚಾಸಿಸ್, ಟೈರುಗಳ ಭಾರವನ್ನೂ ರೈಲು ಎಳೆಯಬೇಕು, ಒಂದು ವ್ಯಾಗನ್‌ಗೆ ಒಂದೇ ಲಾರಿ ಹಿಡಿಸುತ್ತದೆ, ಎತ್ತರಕ್ಕೂ ಮಿತಿಯಿದೆ. ಕೊಂಕಣ ಹಳಿಯ ವಿದ್ಯುದೀಕರಣ 2022ರಲ್ಲಿ ಮುಗಿದು ಮೇಲೆ ತಂತಿ ಬಂದ ಮೇಲಂತೂ ವ್ಯಾಗನ್‌ನ ಎತ್ತರಕ್ಕೆ ಲಾರಿಯ ಎತ್ತರ ಕೂಡಿದಾಗ ಎಷ್ಟಾಗುತ್ತದೆ ಎಂಬುದನ್ನು ಕಟ್ಟುನಿಟ್ಟಾಗಿ ನೋಡಬೇಕಾಗುತ್ತದೆ. ಸಾಲಿನ ಮುಂದಿರುವ ಲಾರಿ ಕೆಟ್ಟರೆ ಹಿಂದಿನವೆಲ್ಲ ಇಳಿಯಲು ಕಾಯಬೇಕಾದೀತು.

ಸರಕು

ಮೂರು ತಾಲ್ಲೂಕುಗಳಲ್ಲಿ ಕಂಟೇನರಿಗೆ ಚೆನ್ನಾಗಿ ಒಗ್ಗಿದ ಸರಕು ಗೇರುಬೀಜ. ಇಲ್ಲಿನ ಕಾರ್ಖಾನೆಗಳಿಗೆ ಊರಿನ ಬೆಳೆ ಸಾಲದು. ಆಫ್ರಿಕಾದ ದೇಶಗಳಿಂದ ಸಿಪ್ಪೆಸಹಿತ ಬೀಜ ಗೋಣಿಚೀಲಗಳಲ್ಲಿ, ಕಂಟೇನರ್‌ಗಳ ಮೂಲಕ ಪಣಂಬೂರಿಗೆ ಬಂದಿಳಿಯುತ್ತದೆ. ಒಡೆದು, ಸುಲಿದು, ದರ್ಜೆ ಮಾಡಿದ ತಿರುಳು ಹೊರದೇಶಕ್ಕೂ ಉತ್ತರ ಭಾರತದ ಮಾರುಕಟ್ಟೆಗೂ ಹೋಗುತ್ತದೆ. ವ್ಯಾಪಾರದ ರೂಢಿಯಂತೆ ತಿರುಳು ತುಂಬುವ ಒಂದು ಚಿಕ್ಕ ಪೆಟ್ಟಿಗೆಯ ನಿವ್ವಳ ತೂಕ 22.68 ಕಿಲೊ, ಅಂದರೆ ಹಳೆಯ ಲೆಕ್ಕದ 50 ಪೌಂಡು. ಇಂಥ 700 ಪೆಟ್ಟಿಗೆ ಹಿಡಿದರೆ ಇಪ್ಪತ್ತು ಅಡಿಯ ಕಂಟೇನರ್ ಭರ್ತಿ. ತಿರುಳಿನ ತೂಕ 15.876 ಟನ್. ಕಂಟೇನರ್‌ನ ಭಾರದ ಮಿತಿ ಮುಟ್ಟುವ ಮುನ್ನವೇ ಜಾಗ ತುಂಬಿಬಿಡುತ್ತದೆ.

ಅಡಿಕೆಯ ಮಾರುಕಟ್ಟೆ ಇರುವುದು ಗುಜರಾತ್, ಮಹಾರಾಷ್ಟ್ರ, ಉತ್ತರ ಭಾರತದಲ್ಲಿ. ದೂರದ ಮಟ್ಟಿಗೆ ಅದು ರೈಲಿಗೆ ಹೇಳಿ ಮಾಡಿಸಿದ ಸರಕು. ಆದರೆ ಬೆಲೆ ಏರಿಳಿದಂತೆ ಮಾರಾಟವಾಗುವ ವಸ್ತುವಾದ್ದರಿಂದ ಕೊಂಡವರು ಸರಕು ಯಾವ ದಿನ ಕೈಸೇರುತ್ತದೆ ಎಂಬುದನ್ನು ಮೊದಲೇ ತಿಳಿಯಬಯಸುತ್ತಾರೆ. ಲಾರಿಯವರು ಈ ಮಾತು ಕೊಡಬಲ್ಲರು. ತುಂಬಿದಾಗ ಹೊರಡುವ ರೈಲು ಕೊಡಲಾರದು.

ಹಸ್ತಾಂತರ ವಿಳಂಬದ ಕಾರಣಗಳು

ಎಲ್ಲಕ್ಕಿಂತ ದೊಡ್ಡ ಕಾರಣ ಯಾರ ಉದಾಸೀನವೂ ಅಲ್ಲ, ಎರಡು ವಾಹನಗಳ ಗಾತ್ರದ ಅಂತರ. ಲಾರಿ ಒಂದೊಂದಾಗಿ ಬರುತ್ತದೆ, ರೈಲು ತೊಂಬತ್ತನ್ನು ಒಟ್ಟಿಗೆ ಒಯ್ಯುತ್ತದೆ. ಒಂದು ಟರ್ಮಿನಲ್‌ಗೆ ಒಂದೇ ದಿಕ್ಕಿನ ಸರಕು ದಿನಕ್ಕೆ 15 ಟಿಇಯು ಬರುತ್ತದೆ ಎಂದಿಟ್ಟುಕೊಂಡರೆ ರೇಕ್ ತುಂಬಲು 6 ದಿನ ಬೇಕು. ಮೊದಲ ದಿನ ಬಂದ ಪೆಟ್ಟಿಗೆ ಆರು ದಿನ ಕಾಯುತ್ತದೆ, ಕೊನೆಯದು ಬಂದ ಹಾಗೆಯೇ ಹತ್ತುತ್ತದೆ. ಸರಾಸರಿ ಮೂರು ದಿನ. ಅರ್ಧ ತುಂಬಿದ ರೇಕ್ ಹೊರಡಿಸಬಹುದು, ಆದರೆ ಎಂಜಿನ್, ಸಿಬ್ಬಂದಿ, ಹಳಿಯ ಸರದಿಗೆ ತಗಲುವುದೇನೂ ಅರ್ಧವಾಗುವುದಿಲ್ಲ. ನವಮಂಗಳೂರು ಬಂದರಿನ ಕಂಟೇನರ್ ವಹಿವಾಟು 2020ರ ದಶಕದ ಆರಂಭದಲ್ಲಿ ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ಟಿಇಯು ಮಟ್ಟದ್ದಾಗಿತ್ತು. ಅದು ಹಲವು ದಿಕ್ಕುಗಳಿಗೂ ಹಲವು ಹಡಗು ಕಂಪನಿಗಳಿಗೂ ಹಂಚಿಹೋಗುವುದರಿಂದ ಒಂದೇ ಊರಿಗೆ ಹೋಗುವ ತೊಂಬತ್ತು ಪೆಟ್ಟಿಗೆ ಬೇಗ ಕೂಡಿಬರುವುದಿಲ್ಲ. ಈ ಕಾಯುವಿಕೆಯನ್ನು ಸಂಚಯ ವಿಳಂಬ ಎನ್ನಬಹುದು.

ತಲಪುವ ತುದಿಯಲ್ಲಿ ಇದೇ ಸಮಸ್ಯೆ ತಿರುಗುಮುರುಗಾಗುತ್ತದೆ. ತೊಂಬತ್ತು ಪೆಟ್ಟಿಗೆ ಒಂದೇ ಹೊತ್ತಿಗೆ ಬಂದಿಳಿಯುತ್ತವೆ. ಗಂಟೆಗೆ 15 ಎತ್ತುವ ಒಂದು ಯಂತ್ರವಿದ್ದರೆ ಇಳಿಸಲು 6 ಗಂಟೆ. ದಿನಕ್ಕೆ ಎರಡು ಸುತ್ತು ಹೊಡೆಯುವ 30 ಟ್ರೈಲರ್‌ಗಳಿದ್ದರೆ ಎಲ್ಲವನ್ನೂ ಮನೆ ಮುಟ್ಟಿಸಲು ಒಂದೂವರೆ ದಿನ. ಟ್ರೈಲರ್‌ಗಳ ಸಂಖ್ಯೆ ಹೆಚ್ಚಿಸಿದರೆ ರೈಲಿಲ್ಲದ ದಿನ ಅವು ಸುಮ್ಮನೆ ನಿಲ್ಲುತ್ತವೆ.

ಎರಡನೆಯ ಕಾರಣ ಖಾಲಿ ಪೆಟ್ಟಿಗೆ. ಮೂಡುಬಿದಿರೆಯ ಕಾರ್ಖಾನೆಯೊಂದು ತಿರುಳು ತುಂಬಬೇಕಾದರೆ ಮೊದಲು ಮಂಗಳೂರಿನ ಯಾರ್ಡ್‌ನಿಂದ ಖಾಲಿ ಪೆಟ್ಟಿಗೆ ತರಬೇಕು. ತಿನ್ನುವ ಪದಾರ್ಥಕ್ಕೆ ಎಲ್ಲ ಪೆಟ್ಟಿಗೆಯೂ ಆಗದು. ತಂದ ಕೂಡಲೇ ಒಬ್ಬರು ಒಳಗೆ ನಿಂತು ಬಾಗಿಲು ಮುಚ್ಚಿಸಿಕೊಂಡು ಮಾಡು, ಮೂಲೆ, ಬಾಗಿಲಿನ ಸಂದುಗಳಲ್ಲಿ ಬೆಳಕು ಕಾಣುತ್ತದೆಯೇ ಎಂದು ನೋಡುತ್ತಾರೆ. ಸೂಜಿಮೊನೆಯಷ್ಟು ಬೆಳಕು ಕಂಡರೂ ಕರಾವಳಿಯ ಮಳೆಗೆ ಅಲ್ಲಿ ನೀರಿಳಿಯುತ್ತದೆ. ನೆಲದ ಹಲಗೆಯಲ್ಲಿ ಹಿಂದಿನ ಸರಕಿನ ವಾಸನೆಯಿದ್ದರೂ ತಿರುಳು ಅದನ್ನು ಹೀರಿಕೊಳ್ಳುತ್ತದೆ. ಪೆಟ್ಟಿಗೆ ಬೇಡವೆಂದಾದರೆ ಟ್ರೈಲರ್ ಬಂದ ದಾರಿಯಲ್ಲಿ ಮರಳಬೇಕು. ಆ ದಿನ ಹೋದಂತೆಯೇ. ಇದಕ್ಕೆ ಮದ್ದು ಯಾರ್ಡ್‌ನಲ್ಲಿಯೇ ಆರಿಸಿಕೊಳ್ಳುವುದು, ಆದರೆ ಪೇರಿಸಿಟ್ಟ ಸಾಲಿನ ಅಡಿಯಲ್ಲಿರುವುದನ್ನು ತೆಗೆಸಲು ಮೇಲಿನವನ್ನೆಲ್ಲ ಎತ್ತಿಡಬೇಕು.

ಆಮದು ಬೀಜ ಇಳಿಸಿದ ಪೆಟ್ಟಿಗೆ ಅದೇ ಕಾರ್ಖಾನೆಯ ಅಂಗಳದಲ್ಲಿ ಖಾಲಿಯಾಗುತ್ತದೆ. ಅದರಲ್ಲಿಯೇ ತಿರುಳು ತುಂಬಿ ಕಳುಹಿಸಿದರೆ 70 ಕಿ.ಮೀ. ಖಾಲಿ ಓಡಾಟ ಉಳಿಯಬೇಕು. ಕಾಗದದ ಮೇಲೆ ಇದು ಸುಲಭ. ವಾಸ್ತವದಲ್ಲಿ ಬೀಜ ತಂದ ಹಡಗು ಕಂಪನಿ ಬೇರೆ, ತಿರುಳು ಒಯ್ಯುವ ಕಂಪನಿ ಬೇರೆ. ಬೀಜದ ಧೂಳು ಹಿಡಿದ ಪೆಟ್ಟಿಗೆಯನ್ನು ತೊಳೆದು ಒಣಗಿಸದೆ ತಿರುಳು ತುಂಬುವಂತಿಲ್ಲ. ಬೀಜ ಬರುವ ದಿನವೇ ತಿರುಳು ಹೊರಡಲು ಸಿದ್ಧವಿರುವುದೂ ಅಪರೂಪ.

ಮೂರನೆಯದು ದಾಖಲೆ. ರಫ್ತಿನ ಪೆಟ್ಟಿಗೆಯನ್ನು ಕಾರ್ಖಾನೆಯಲ್ಲೇ ತುಂಬಿ ರಫ್ತುದಾರರೇ ವಿದ್ಯುನ್ಮಾನ ಸೀಲ್ ಹಾಕುವ ಪದ್ಧತಿ 2017ರ ಬಳಿಕ ಬಂದಿದೆ, ಇದರಿಂದ ಬಂದರಿನಲ್ಲಿ ತೆರೆದು ನೋಡುವ ಸಂದರ್ಭ ಕಡಿಮೆಯಾಯಿತು. ಆದರೆ ಸೀಲ್ ಸಂಖ್ಯೆ, ಪೆಟ್ಟಿಗೆ ಸಂಖ್ಯೆ, ಲಾರಿ ಸಂಖ್ಯೆಗಳಲ್ಲಿ ಒಂದು ಅಂಕಿ ತಪ್ಪಿದರೂ ಗೇಟಿನಲ್ಲಿ ಲಾರಿ ನಿಲ್ಲುತ್ತದೆ. 2016ರ ಜುಲೈ 1ರಿಂದ ಹಡಗು ಹತ್ತುವ ಪ್ರತಿ ಪೆಟ್ಟಿಗೆಯ ದೃಢೀಕೃತ ಒಟ್ಟು ತೂಕ ಕೊಡುವುದು ಕಡ್ಡಾಯ. ಘೋಷಿಸಿದ ತೂಕಕ್ಕೂ ತೂಕದ ಸೇತುವೆಯ ಅಂಕಿಗೂ ಹೊಂದದಿದ್ದರೆ ಮತ್ತೆ ತೂಗಿಸಬೇಕು. ದೇಶದೊಳಗಿನ ಸರಕಿಗೆ ಇ-ವೇ ಬಿಲ್ ಬೇಕು. ಕಳುಹಿಸುವವರ ಜಾಗದಿಂದ ಸಾಗಣೆದಾರರ ಜಾಗಕ್ಕೆ ಅದೇ ರಾಜ್ಯದೊಳಗೆ 50 ಕಿ.ಮೀ. ಒಳಗಿನ ಓಡಾಟಕ್ಕೆ ಅದರ ಎರಡನೆಯ ಭಾಗದಲ್ಲಿ ಲಾರಿ ಸಂಖ್ಯೆ ತುಂಬಬೇಕಿಲ್ಲ. ಬಂಟ್ವಾಳ, ಮೂಡುಬಿದಿರೆಗಳಿಂದ ಪಣಂಬೂರು ಈ ಮಿತಿಯೊಳಗೆ ಬೀಳುತ್ತದೆ, ಬೆಳ್ತಂಗಡಿ ಬೀಳುವುದಿಲ್ಲ. ಮುಂದೆ ರೈಲಿಗೂ, ತಲಪಿದ ಊರಿನಲ್ಲಿ ಮತ್ತೊಂದು ಲಾರಿಗೂ ಬದಲಾದಾಗ ವಿವರ ತಿದ್ದಬೇಕು.

ನಾಲ್ಕನೆಯದು ಮಳೆಗಾಲ. ಕೊಂಕಣ ರೈಲ್ವೆಯಲ್ಲಿ ಜೂನ್‌ನಿಂದ ಮಳೆಗಾಲದ ವೇಳಾಪಟ್ಟಿ ಜಾರಿಯಾಗಿ ರೈಲುಗಳ ವೇಗ ತಗ್ಗುತ್ತದೆ. ಹಳಿ ಬಹುಪಾಲು ಒಂಟಿಯಾದ್ದರಿಂದ ಪ್ರಯಾಣಿಕರ ರೈಲಿಗೆ ದಾರಿಬಿಟ್ಟು ಸರಕು ರೈಲು ನಿಲ್ದಾಣಗಳಲ್ಲಿ ನಿಲ್ಲುತ್ತದೆ. ಹಾಸನದ ಕಡೆಗೆ ಸುಬ್ರಹ್ಮಣ್ಯ ರೋಡ್–ಸಕಲೇಶಪುರ ನಡುವಿನ 55 ಕಿ.ಮೀ. ಘಟ್ಟದ ಹಳಿ ಐವತ್ತು ಅಡಿಗೆ ಒಂದಡಿ ಏರುತ್ತದೆ. ಭರ್ತಿ ಸರಕು ರೈಲಿಗೆ ಹೆಚ್ಚುವರಿ ಎಂಜಿನ್ ಕಟ್ಟಬೇಕು, ಅದು ಬರುವ ತನಕ ಘಟ್ಟದ ಬುಡದಲ್ಲಿ ಕಾಯಬೇಕು. 2024ರ ಜುಲೈ ಕೊನೆಗೆ ಯಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಅಡಿಯ ಮಣ್ಣು ಜಾರಿ ಸಂಚಾರವೇ ನಿಂತಿತು. ಅದೇ ಋತುವಿನಲ್ಲಿ ಶಿರಾಡಿ ರಸ್ತೆಯೂ ಕುಸಿಯುವುದರಿಂದ ರೈಲಿಗೆ ರಸ್ತೆ, ರಸ್ತೆಗೆ ರೈಲು ಬದಲಿಯಾಗಿ ಒದಗುವುದು ಬೇಕಾದ ಹೊತ್ತಿಗೇ ಕಷ್ಟ.

ಒಂದು ಪೆಟ್ಟಿಗೆಯ ಲೆಕ್ಕ

ಮೂಡುಬಿದಿರೆಯಿಂದ ದೆಹಲಿಗೆ 700 ಚಿಕ್ಕ ಪೆಟ್ಟಿಗೆ ತಿರುಳು ಕಳುಹಿಸುವ ಒಂದು ಮಾದರಿ ಲೆಕ್ಕ ಹೀಗೆ. ಮೇಲಿನ ಊಹೆಗಳನ್ನೇ ಇಟ್ಟುಕೊಂಡು, ದೂರ 2,300 ಕಿ.ಮೀ., ಸರಕು ರೈಲಿನ ನಿಲುಗಡೆ ಸಹಿತ ಸರಾಸರಿ ವೇಗ ಗಂಟೆಗೆ 25 ಕಿ.ಮೀ. ಎಂದು ಹಿಡಿಯಲಾಗಿದೆ.

ಖಾಲಿ ಪೆಟ್ಟಿಗೆ ತಂದು, ತುಂಬಿ, ಟರ್ಮಿನಲ್ ಮುಟ್ಟಿಸಲು 1 ದಿನ. ರೇಕ್ ಕೂಡಿಬರಲು ಸರಾಸರಿ 3 ದಿನ. ರೈಲಿಗೆ ಏರಿಸಿ, ವ್ಯಾಗನ್ ಮತ್ತು ಬ್ರೇಕ್ ಪರೀಕ್ಷಿಸಿ, ಎಂಜಿನ್ ಕಟ್ಟಿ ಹೊರಡಿಸಲು ಅರ್ಧ ದಿನ. ಹಳಿಯ ಮೇಲೆ 92 ಗಂಟೆ, ಸುಮಾರು 4 ದಿನ. ಅಲ್ಲಿ ಇಳಿಸಿ ಟ್ರೈಲರ್ ಸರದಿಗೆ ಕಾಯಲು 1 ದಿನ, ಗೋದಾಮಿಗೆ ಒಯ್ಯಲು ಅರ್ಧ ದಿನ. ಒಟ್ಟು 10 ದಿನ. ಇದರಲ್ಲಿ ಟರ್ಮಿನಲ್‌ಗಳಲ್ಲಿ ನಿಂತದ್ದೇ ನಾಲ್ಕೂವರೆ ದಿನ. ದಿನಕ್ಕೆ 400 ಕಿ.ಮೀ. ಓಡುವ ಲಾರಿ ಬಾಗಿಲಿನಿಂದ ಬಾಗಿಲಿಗೆ 6 ದಿನದಲ್ಲಿ ಮುಟ್ಟುತ್ತದೆ.

ರೈಲಿನ ವೇಗವನ್ನು ಇಮ್ಮಡಿ ಮಾಡಿದರೆ ಈ ಲೆಕ್ಕದಲ್ಲಿ ಉಳಿಯುವುದು 2 ದಿನ. ವೇಗವನ್ನು ಹಾಗೆಯೇ ಬಿಟ್ಟು, ವಾರದ ನಿಗದಿತ ದಿನ, ನಿಗದಿತ ಹೊತ್ತಿಗೆ ರೈಲು ಹೊರಡುತ್ತದೆಂದು ಖಾತರಿ ಕೊಟ್ಟರೆ ಕಾರ್ಖಾನೆಯವರು ಹಿಂದಿನ ದಿನವೇ ಪೆಟ್ಟಿಗೆ ತಂದುಬಿಡುತ್ತಾರೆ. ಸಂಚಯದ ಮೂರು ದಿನ ಅರ್ಧ ದಿನಕ್ಕಿಳಿದು ಎರಡೂವರೆ ದಿನ ಉಳಿಯುತ್ತದೆ. ಹೊಸ ಹಳಿ ಹಾಕುವುದಕ್ಕಿಂತ ವೇಳಾಪಟ್ಟಿ ಪಾಲಿಸುವುದು ಅಗ್ಗ, ಆದರೆ ಸರಕು ಸಾಲದ ವಾರ ಖಾಲಿ ವ್ಯಾಗನ್‌ಗಳೊಂದಿಗೆ ಹೊರಡುವ ನಷ್ಟವನ್ನು ಯಾರಾದರೂ ಹೊರಬೇಕು. ಯಾರು ಹೊರುವುದು ಎಂಬಲ್ಲಿಯೇ ಇಂಥ ಸೇವೆಗಳು ಸಾಮಾನ್ಯವಾಗಿ ಎಡವುತ್ತವೆ.

ಇದೇ ಲೆಕ್ಕವನ್ನು ಬೆಂಗಳೂರಿಗೆ ಹಾಕಿದರೆ ಫಲ ಬೇರೆ. ರಸ್ತೆಯ ದೂರ 350 ಕಿ.ಮೀ. ಆಸುಪಾಸು, ಸಂಜೆ ಹೊರಟ ಲಾರಿ ಮರುದಿನ ತಲಪುತ್ತದೆ. ರೈಲಿಗೆ ಹಸ್ತಾಂತರದ ಸಮಯವೇ ಅದಕ್ಕಿಂತ ಹೆಚ್ಚು. ಇನ್ನು ಬಂಟ್ವಾಳದಲ್ಲಿ ಏರಿಸಿ ಪಣಂಬೂರಿನಲ್ಲಿ ಇಳಿಸುವುದಂತೂ 35 ಕಿ.ಮೀ.ಗಾಗಿ ಎರಡು ಸಲ ಎತ್ತುವ ಖರ್ಚು. ರೈಲಿನ ಕಡಿಮೆ ದರದಿಂದಾಗುವ ಉಳಿತಾಯ ಎರಡು ತುದಿಯ ಎತ್ತುವಿಕೆ ಮತ್ತು ಲಾರಿ ಬಾಡಿಗೆಯನ್ನು ಮೀರಲು ಸಾಮಾನ್ಯವಾಗಿ ಐದಾರು ನೂರು ಕಿ.ಮೀ.ಗಿಂತ ಹೆಚ್ಚಿನ ದೂರ ಬೇಕು.

ವಿಳಂಬವನ್ನು ಗುರುತಿಸುವುದು

ಪೆಟ್ಟಿಗೆಯೊಂದರ ಆರು ಸಮಯಗಳನ್ನು ಬರೆದಿಟ್ಟರೆ ವಿಳಂಬ ಎಲ್ಲಿದೆ ಎಂಬುದು ತಿಳಿಯುತ್ತದೆ: ಗೇಟಿನೊಳಗೆ ಬಂದದ್ದು, ವ್ಯಾಗನ್ ಏರಿದ್ದು, ರೈಲು ಹೊರಟದ್ದು, ರೈಲು ತಲಪಿದ್ದು, ವ್ಯಾಗನ್ ಇಳಿದದ್ದು, ಗೇಟಿನಿಂದ ಹೊರಬಿದ್ದದ್ದು. ಮೊದಲೆರಡರ ನಡುವಿನ ಅಂತರ ಹೆಚ್ಚಿದ್ದರೆ ಸರಕು ಕೂಡಿಬರುತ್ತಿಲ್ಲ. ಏರಿದ ಮೇಲೂ ರೈಲು ಹೊರಡದಿದ್ದರೆ ತೊಡಕು ಎಂಜಿನ್, ಸಿಬ್ಬಂದಿ ಅಥವಾ ಹಳಿಯದು. ತಲಪಿಯೂ ಇಳಿಯದಿದ್ದರೆ ಯಂತ್ರ ಅಥವಾ ಹಳಿಯುದ್ದ ಸಾಲದು. ಇಳಿದೂ ಹೊರಬೀಳದಿದ್ದರೆ ಟ್ರೈಲರ್ ಇಲ್ಲ, ಇಲ್ಲವೇ ದಾಖಲೆ ಸರಿಯಿಲ್ಲ. ರೈಲಿನ ಚಲನೆಯನ್ನು ರೈಲ್ವೆಯ ಎಫ್‌ಒಐಎಸ್ ವ್ಯವಸ್ಥೆ ದಾಖಲಿಸುತ್ತದೆ. ಆಮದು–ರಫ್ತಿನ ಪೆಟ್ಟಿಗೆಗಳ ಮೇಲಿನ ರೇಡಿಯೊ ಪಟ್ಟಿಯನ್ನು ಓದಿ ಲಾಜಿಸ್ಟಿಕ್ಸ್ ಡೇಟಾ ಬ್ಯಾಂಕ್ ಅವುಗಳ ಜಾಡು ಹಿಡಿಯುತ್ತದೆ. ಕಾರ್ಖಾನೆಯ ಅಂಗಳದಲ್ಲಿ ಕಳೆದ ಹೊತ್ತು ಎರಡರಲ್ಲೂ ಸಿಗುವುದಿಲ್ಲ.

ಅದಕ್ಕೆ ಒರಟಾದರೂ ನಂಬಬಹುದಾದ ಅಳತೆ ಟ್ರೈಲರ್ ದಿನಕ್ಕೆ ಎಷ್ಟು ಸುತ್ತು ಹೊಡೆಯುತ್ತದೆ ಎಂಬುದು. ಪಣಂಬೂರಿನಿಂದ ಮೂಡುಬಿದಿರೆಗೆ ಒಂದೂವರೆ ಗಂಟೆ, ಕೈಯಿಂದ ಚಿಕ್ಕ ಪೆಟ್ಟಿಗೆಗಳನ್ನು ಪೇರಿಸಿ ತುಂಬಲು ಮೂರು ಗಂಟೆ, ಮರಳಲು ಒಂದೂವರೆ ಗಂಟೆ ಎಂದರೆ ಒಂದು ಸುತ್ತಿಗೆ ಆರು ಗಂಟೆ. ಎರಡು ಸುತ್ತು ಆಗಬೇಕಾದ ಕಡೆ ಒಂದೇ ಆಗುತ್ತಿದ್ದರೆ ಉಳಿದ ಹೊತ್ತು ಗೇಟಿನ ಸಾಲಿನಲ್ಲೋ ಖಾಲಿ ಪೆಟ್ಟಿಗೆಯ ಯಾರ್ಡ್‌ನಲ್ಲೋ ಹೋಗುತ್ತಿದೆ. ರಸ್ತೆಯ ಮೇಲೆ ಹೋಗುವುದು ಕಡಿಮೆ.

ಸದ್ಯದ ಸ್ಥಿತಿ

ಮೂರು ತಾಲ್ಲೂಕುಗಳ ಕಂಟೇನರ್ ಸರಕು ಪಣಂಬೂರಿಗೆ ರಸ್ತೆಯಲ್ಲೇ ಹೋಗಿ ಬರುತ್ತದೆ. ಬಂದರಿನಲ್ಲಿ ಕಂಟೇನರ್‌ಗಾಗಿ ಯಾಂತ್ರೀಕರಿಸಿದ 14ನೇ ಬರ್ತ್ 2022ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಇದರಿಂದ ಹಡಗಿನ ಕಡೆಯ ಹಸ್ತಾಂತರಕ್ಕೆ ವೇಗ ಬಂದಿದೆ. ಗೇಟಿನ ಹೊರಗಿನ ರಸ್ತೆಗೂ ಖಾಲಿ ಪೆಟ್ಟಿಗೆಯ ಸರದಿಗೂ ಆ ಯಂತ್ರಗಳ ಸಂಬಂಧವಿಲ್ಲ. ಬಿ.ಸಿ.ರೋಡಿನಿಂದ ಪೂರ್ವಕ್ಕೆ ಹೆದ್ದಾರಿ 75ರ ಚತುಷ್ಪಥ ಕಾಮಗಾರಿ ವರ್ಷಗಟ್ಟಲೆ ಎಳೆದಿದೆ.

ದೂರದ ಉತ್ತರಕ್ಕೆ ಹೋಗುವ ಸರಕಿಗೆ ಸುರತ್ಕಲ್‌ನ ರೋ-ರೋ ಹತ್ತಿರದ ರೈಲು ದಾರಿ. ಅಲ್ಲಿಯೂ ರೇಕ್ ತುಂಬುವ ತನಕ ಲಾರಿಗಳು ಸಾಲುಗಟ್ಟಿ ಕಾಯುತ್ತವೆ, ಸಂಚಯ ವಿಳಂಬ ತಪ್ಪುವುದಿಲ್ಲ. ಆದರೆ ರೈಲು ಹೊರಡುವುದು ತೀರಾ ತಡವೆನಿಸಿದರೆ ಲಾರಿ ಸಾಲು ಬಿಟ್ಟು ಹೆದ್ದಾರಿ 66ನ್ನು ಹಿಡಿಯಬಹುದು. ಕಂಟೇನರ್ ಯಾರ್ಡ್‌ನಲ್ಲಿ ಇಳಿಸಿಟ್ಟ ಪೆಟ್ಟಿಗೆಗೆ ಆ ಅವಕಾಶವಿಲ್ಲ. ಬಂಟ್ವಾಳದ ಹಳಿ ಪಕ್ಕದಲ್ಲಿ ಕಂಟೇನರ್ ಟರ್ಮಿನಲ್ ಮಾಡಿದರೆ ಬೆಳ್ತಂಗಡಿಯ ಸರಕಿಗೆ ರಸ್ತೆ ಸುಮಾರು ಅರ್ಧಕ್ಕಿಳಿಯುತ್ತದೆ, ಸಿದ್ದಕಟ್ಟೆ ಮೂಲಕ ಬರುವ ಮೂಡುಬಿದಿರೆಯ ಸರಕಿಗೆ ಹೇಳಿಕೊಳ್ಳುವಂಥ ಉಳಿತಾಯವಿಲ್ಲ. ಅಲ್ಲಿಂದ ಉತ್ತರಕ್ಕೆ ಹೊರಡುವ ರೇಕ್ ಪಡೀಲಿನಲ್ಲೊಮ್ಮೆ, ತೋಕೂರಿನಲ್ಲೊಮ್ಮೆ ಆಡಳಿತದ ಗಡಿ ದಾಟಬೇಕು. ಪಣಂಬೂರಿನಿಂದ ಹೊರಟದ್ದಕ್ಕೆ ದಾಟಬೇಕಾದ ಗಡಿ ತೋಕೂರಿನದು ಒಂದೇ.